ಮರಳಿನ ಮೇಲಿನ ಬೈಕ್ ಅಳಿಸುವಾಗ: ಬೆಳಕಿಗೊಂದು ಪದರ, ಕಣಕ್ಕೊಂದು ಪದರ

ಮಲ್ಪೆಯ ಕಡಲತೀರದಲ್ಲಿ ಸಂಜೆ ತೆಗೆದ ಮದುವೆ ಜೋಡಿಯ ಚಿತ್ರ. ಹಿಂದೊಂದು ಬೈಕ್ ನಿಂತಿದೆ ಎಂದುಕೊಳ್ಳಿ. ಚಿತ್ರದ ಅಗಲ 6000 ಪಿಕ್ಸೆಲ್; ಬೈಕು ನೆರಳೂ ಸೇರಿ ಸುಮಾರು 900. ಎಡಗಡೆಯ ಮರಳು ಹೊಂಬಣ್ಣಕ್ಕಿದೆ, ಬಲಕ್ಕೆ ಹೋದಂತೆ ಮಂಕಾಗುತ್ತದೆ. ಬೈಕನ್ನು ಅಳಿಸಲು, ಒಂದು ಜಾಗದ ಮರಳನ್ನು ಇನ್ನೊಂದು ಜಾಗಕ್ಕೆ ನಕಲಿಸುವ ಕ್ಲೋನ್ ಸ್ಟ್ಯಾಂಪನ್ನು ನೇರವಾಗಿ ಬಳಸಿದರೆ ಇಲ್ಲಿ ತೇಪೆ ಎದ್ದು ಕಾಣುತ್ತದೆ. ಕಣಗಳು ಸರಿಯಾಗಿ ಕೂಡಿಕೊಂಡರೂ ಅವುಗಳ ಜೊತೆ ಬಂದ ಬೆಳಕು ಬೇರೆ ಜಾಗದ್ದು. ಫ್ರೀಕ್ವೆನ್ಸಿ ಸೆಪರೇಷನ್ ಬೆಳಕನ್ನೂ ಕಣವನ್ನೂ ಎರಡು ಪದರಗಳಲ್ಲಿ ಬೇರ್ಪಡಿಸುತ್ತದೆ.

ಫೋಟೊಶಾಪ್‌ನಲ್ಲಿ ಚಿತ್ರದ ಎರಡು ಪ್ರತಿ ಮಾಡಿ, ಕೆಳಗಿನದಕ್ಕೆ Gaussian Blur ಕೊಡಿ. ಕಣಗಳು ಕರಗಿ ಬೆಳಕಿನ ಏರಿಳಿತ ಮಾತ್ರ ಉಳಿದಾಗ ನಿಲ್ಲಿಸಿ. ಈ ಚಿತ್ರಕ್ಕೆ 12 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. ಮೇಲಿನ ಪ್ರತಿಯಲ್ಲಿ Apply Image ತೆರೆದು ಮಸುಕಾದ ಪದರವನ್ನು ಆರಿಸಿ. 8 ಬಿಟ್ ಚಿತ್ರವಾದರೆ Subtract, Scale 2, Offset 128. ಬೂದು ಬಣ್ಣಕ್ಕೆ ತಿರುಗಿದ ಆ ಪದರದ Blend Mode ಅನ್ನು Linear Light ಮಾಡಿದರೆ ಚಿತ್ರ ಮೊದಲಿನಂತೆಯೇ ಕಾಣುತ್ತದೆ.

ಕೆಳಗಿನ ಪದರದ ಕೆಲಸ ಮೊದಲು. ಮುಖದ ಕಲೆ ತೆಗೆದು ರೂಢಿಯಿರುವವರು ಲಾಸೊ ಹಾಕಿ ಇನ್ನಷ್ಟು ಮಸುಕು ಮಾಡಲು ಹೊರಡುತ್ತಾರೆ. ಇಷ್ಟು ದೊಡ್ಡ ವಸ್ತುವಿಗೆ ಅದು ನಡೆಯುವುದಿಲ್ಲ, ಬೈಕು ಕಪ್ಪು ಮೋಡವಾಗಿ ಉಳಿಯುತ್ತದೆ. ಮೊದಲು ಅದರ ಬಣ್ಣ ಪೂರ್ತಿ ಹೋಗಬೇಕು. ಮೃದು ಅಂಚಿನ ಕುಂಚದಿಂದ ಎಡಭಾಗಕ್ಕೆ ಎಡದ ಮರಳನ್ನೂ ಬಲಭಾಗಕ್ಕೆ ಬಲದ ಮರಳನ್ನೂ ಕ್ಲೋನ್ ಮಾಡಿ, ನಡುವಿನ ಸಂಧಿಯನ್ನು ಕೊನೆಗೆ ಮಸುಕು ಮಾಡಿ ಬೆಸೆಯಿರಿ. ಮೊದಲು Gaussian Blur ಕೊಟ್ಟಾಗಲೇ ಬೈಕಿನ ಕಪ್ಪು ಹೊರಕ್ಕೂ ಹರಡಿರುತ್ತದೆ. ಆದ್ದರಿಂದ ಕ್ಲೋನ್ ಮಾಡುವ ಜಾಗದ ಗಡಿ ವಸ್ತುವಿನ ಅಂಚಿನಿಂದ ಕನಿಷ್ಠ 25–30 ಪಿಕ್ಸೆಲ್ ಆಚೆಗಿರಲಿ. ಇಷ್ಟು ಜಾಗ ಬಿಡದಿದ್ದರೆ ಬೈಕು ಹೋದ ಮೇಲೂ ಅದರ ಆಕಾರದ ಕಪ್ಪು ಅಂಚು ಉಳಿಯುತ್ತದೆ.

ಮೇಲಿನ ಪದರದಲ್ಲಿ ಕಣಗಳನ್ನು ಕ್ಲೋನ್ ಮಾಡುವಾಗ ಕುಂಚದ ಅಂಚು ಗಡುಸಾಗಿರಬೇಕು, Sample ಆಯ್ಕೆ Current Layer ಆಗಿರಬೇಕು. ಮೃದು ಅಂಚಿನಲ್ಲಿ ಎರಡು ಕಡೆಯ ಕಣಗಳು ಒಂದರ ಮೇಲೊಂದು ಬಿದ್ದು ಸರಾಸರಿಯಾಗುತ್ತವೆ. ಅಲ್ಲಿ ಮರಳು ಹೊಳಪು ಕಳೆದುಕೊಂಡು ನುಣುಪಾದ ಬಳೆಯಂತೆ ಕಾಣುತ್ತದೆ. ಬೆಳಕಿನ ಚಿಂತೆ ಈಗಿಲ್ಲದ ಕಾರಣ ಚಿತ್ರದ ಆ ತುದಿಯ ಮರಳನ್ನೂ ತರಬಹುದು, ಆದರೆ ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿರುವುದನ್ನೇ ತನ್ನಿ. ಹತ್ತಿರದ ಕಣ ದೊಡ್ಡದು, ದೂರದ್ದು ಸಣ್ಣದು. ತಂದದ್ದನ್ನು ಅಡ್ಡಡ್ಡ ತಿರುಗಿಸಲೂಬೇಡಿ, ಪ್ರತಿ ಕಣದ ನೆರಳೂ ದಿಕ್ಕು ಬದಲಿಸಿಬಿಡುತ್ತದೆ. ಒದ್ದೆ ಮರಳಿನ ಮೈ ಒಣ ಮರಳಿಗೆ ಹೊಂದುವುದೇ ಇಲ್ಲ.

ಕೆಲಸ ಮುಗಿಯಿತೆನಿಸಿದಾಗ ಮೇಲೊಂದು ತೀಕ್ಷ್ಣವಾದ Curves ಪದರ ಹಾಕಿ ನೋಡಿ. ಉಳಿದ ಅಂಚು, ಮರುಕಳಿಸಿದ ಗುರುತು ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ನೋಡಿದ ಮೇಲೆ ಅದನ್ನು ತೆಗೆದುಹಾಕಿ.

ಜಲ್ಲಿಯಲ್ಲಿ ಈ ವಿಧಾನ ಬೇಗ ಸೋಲುತ್ತದೆ. 40 ಪಿಕ್ಸೆಲ್ ಅಗಲದ ಕಲ್ಲು 12ರ ಮಸುಕಿನಲ್ಲಿ ಕರಗದೆ ಕೆಳಗಿನ ಪದರದಲ್ಲೇ ಉಳಿಯುತ್ತದೆ. ಅದು ಕರಗುವವರೆಗೆ ಮಸುಕು ಹೆಚ್ಚಿಸಿದರೆ ವಸ್ತುವಿನ ಬಣ್ಣವೂ ಅಷ್ಟೇ ದೂರ ಹರಡುತ್ತದೆ. ಎತ್ತರದ ಹುಲ್ಲಿನ ಎಸಳುಗಳಿಗೂ ಇದೇ ತೊಡಕು. ಅಂಥ ನೆಲಕ್ಕೆ ನಾನು ಪದರ ಬೇರ್ಪಡಿಸುವುದಿಲ್ಲ; ಒಂದೇ ಬೆಳಕಿನ ದೊಡ್ಡ ತುಂಡನ್ನು ತಂದು, ಕಲ್ಲಿನ ಅಂಚಿಗೆ ಅಂಚು ಹಿಡಿದು ಮಾಸ್ಕ್ ಮಾಡುತ್ತೇನೆ.