ಅಕ್ಕಿ ಒಡೆಯುವುದು ಎಲ್ಲಿ? 200 ಗ್ರಾಂ ಭತ್ತದ ಲೆಕ್ಕ

ಗಂಗಾವತಿ, ಸಿಂಧನೂರು ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಕೇಳಿಬರುವ ತಕರಾರು ಒಂದಿದೆ. ನುಚ್ಚು ಜಾಸ್ತಿ ಬಂತು ಅಂದರೆ ರೈತರು ಮಿಲ್ಲನ್ನು ದೂರುತ್ತಾರೆ. ಮಿಲ್ಲಿನವರು ಭತ್ತವೇ ಸರಿ ಇರಲಿಲ್ಲ ಅನ್ನುತ್ತಾರೆ. ಯಾರ ಮಾತು ನಿಜ ಅನ್ನುವುದನ್ನು ಪ್ರಯೋಗಾಲಯದಲ್ಲಿ 200 ಗ್ರಾಂ ಭತ್ತ ಇಟ್ಟುಕೊಂಡು ಕಂಡುಹಿಡಿಯಬಹುದು. ಧಾನ್ಯ ತಂತ್ರಜ್ಞಾನ ಓದುವವರು ಈ ಲೆಕ್ಕವನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು.

ಮೊದಲು ಜೊಳ್ಳು, ಕಲ್ಲು, ಹುಲ್ಲು ತೆಗೆದು ಭತ್ತವನ್ನು ಸ್ವಚ್ಛ ಮಾಡಿಕೊಳ್ಳಬೇಕು. ಜೊಳ್ಳು ಸಮೇತ ತೂಗಿದರೆ ಮುಂದಿನ ಎಲ್ಲ ಅಂಕಿಯೂ ತಪ್ಪುತ್ತದೆ. ತೇವಾಂಶ ಸುಮಾರು 13ರಿಂದ 14 ಶೇಕಡಾ ಇರಬೇಕು. ಇದೂ ಅಷ್ಟೇ ಮುಖ್ಯ. 18 ಶೇಕಡಾ ತೇವ ಇರುವ 200 ಗ್ರಾಂ ಭತ್ತದಲ್ಲಿ 36 ಗ್ರಾಂ ಬರೀ ನೀರು. 13 ಶೇಕಡಾ ಇದ್ದರೆ ನೀರು 26 ಗ್ರಾಂ. ಇವೆರಡರ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವೇ ಇರುವುದಿಲ್ಲ, ಅಲ್ವಾ?

ಈಗ ಭತ್ತವನ್ನು ಎರಡು ರಬ್ಬರ್ ರೋಲರ್‌ಗಳ ನಡುವೆ ಬಿಡಬೇಕು. ಅವು ಎದುರುಬದುರಾಗಿ ತಿರುಗುತ್ತವೆ, ಒಂದರ ವೇಗ ಇನ್ನೊಂದಕ್ಕಿಂತ ಜಾಸ್ತಿ. ಹೊಟ್ಟು ಅಂದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಎರಡು ಸಿಪ್ಪೆ. ವೇಗದ ವ್ಯತ್ಯಾಸ ಇವನ್ನು ಎರಡೂ ಕಡೆಗೆ ಎಳೆದು ಬಿಡಿಸುತ್ತದೆ. ಸುಲಿಯದೆ ಉಳಿದ ಭತ್ತವನ್ನು ಆರಿಸಿ ಮತ್ತೆ ಹಾಕಬೇಕು. ನಮ್ಮ ಉದಾಹರಣೆಯಲ್ಲಿ 157 ಗ್ರಾಂ ಕಂದು ಅಕ್ಕಿ, 41.5 ಗ್ರಾಂ ಹೊಟ್ಟು ಬಂತು ಅಂದುಕೊಳ್ಳೋಣ. ಉಳಿದ 1.5 ಗ್ರಾಂ ಧೂಳಾಗಿ, ಯಂತ್ರಕ್ಕೆ ಅಂಟಿ ಹೋಯಿತು. ಹೊಟ್ಟು 20.75 ಶೇಕಡಾ ಆಯಿತು. ಸಾಮಾನ್ಯವಾಗಿ ಭತ್ತದ ತೂಕದ ಐದನೇ ಒಂದು ಭಾಗ ಹೊಟ್ಟೇ ಇರುವುದರಿಂದ ಈ ಅಂಕಿ ನಂಬುವಂಥದ್ದು.

ಮುಂದಿನ ಹಂತ ಪಾಲಿಶ್. ಕಂದು ಅಕ್ಕಿಯ ಮೇಲಿನ ತೆಳು ಪದರ, ಜತೆಗೆ ಮೊಳಕೆಯ ಭಾಗ ಸವೆದು ತೌಡಾಗುತ್ತದೆ. ನಮಗೆ 141 ಗ್ರಾಂ ಬಿಳಿ ಅಕ್ಕಿ, 15 ಗ್ರಾಂ ತೌಡು ಸಿಕ್ಕಿತು. 1 ಗ್ರಾಂ ನಷ್ಟ. ತೌಡನ್ನು ತೂಗುವ ಮೊದಲು ಸಣ್ಣ ಜರಡಿಯಲ್ಲಿ ಒಮ್ಮೆ ಆಡಿಸಿ. ಪುಡಿಯಾದ ನುಚ್ಚು ಅದರಲ್ಲಿ ಅಡಗಿರುತ್ತದೆ. ಅದನ್ನು ಅಕ್ಕಿಯ ಲೆಕ್ಕಕ್ಕೆ ಸೇರಿಸದಿದ್ದರೆ ತೌಡು ಸುಮ್ನೆ ಹೆಚ್ಚಿ ಕಾಣುತ್ತದೆ. ತೌಡಿನಲ್ಲಿ ಒರಟು ಸಿಪ್ಪೆಯ ಚೂರು ಕೈಗೆ ಸಿಕ್ಕರೆ ಹೊಟ್ಟು ಸರಿಯಾಗಿ ಬೇರ್ಪಟ್ಟಿಲ್ಲ ಎಂದು ತಿಳಿಯಬೇಕು. ಹಳೇ ಹಲ್ಲರ್ ಮಿಲ್ಲುಗಳ ಕಷ್ಟ ಇದೇ ಆಗಿತ್ತು. ಸುಲಿಯುವುದು, ಪಾಲಿಶ್ ಮಾಡುವುದು ಒಂದೇ ಕಡೆ ನಡೆದು ಹೊಟ್ಟು ತೌಡು ಕಲಸಿಹೋಗುತ್ತಿತ್ತು. ಆ ತೌಡಿನಿಂದ ಲಾಭಕ್ಕೆ ಎಣ್ಣೆ ತೆಗೆಯುವುದು ಕಷ್ಟ, ದನಕ್ಕೆ ಹಾಕಿದರೂ ಅಷ್ಟಕ್ಕಷ್ಟೇ.

ಕೊನೆಗೆ ಇಡಿ ಅಕ್ಕಿಯನ್ನೂ ನುಚ್ಚನ್ನೂ ಬೇರೆ ಮಾಡಬೇಕು. ಪೂರ್ತಿ ಕಾಳಿನ ಉದ್ದದ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಇಡಿ ಅಕ್ಕಿ, ಅಂದರೆ ಹೆಡ್ ರೈಸ್. ಕಡಿಮೆ ಇದ್ದರೆ ನುಚ್ಚು. ಇಲ್ಲಿ 108 ಗ್ರಾಂ ಇಡಿ ಅಕ್ಕಿ, 33 ಗ್ರಾಂ ನುಚ್ಚು.

ಈಗ ಲೆಕ್ಕ ನೋಡಿ:

ಒಟ್ಟು ಅಕ್ಕಿ = 141 ÷ 200 × 100 = 70.5 ಶೇಕಡಾ
ಹೆಡ್ ರೈಸ್ ರಿಕವರಿ = 108 ÷ 200 × 100 = 54 ಶೇಕಡಾ
ಪಾಲಿಶ್ ಪ್ರಮಾಣ = (157 − 141) ÷ 157 × 100 = 10.2 ಶೇಕಡಾ

ವಿದ್ಯಾರ್ಥಿಗಳು ಎಡವುವುದು ಯಾವುದರಿಂದ ಭಾಗಿಸಬೇಕು ಅನ್ನುವುದರಲ್ಲಿ. ಹೆಡ್ ರೈಸ್ ರಿಕವರಿಗೆ ಭತ್ತದ ತೂಕದಿಂದ ಭಾಗಿಸಬೇಕು. ಪಾಲಿಶ್ ಪ್ರಮಾಣಕ್ಕೆ ಕಂದು ಅಕ್ಕಿಯಿಂದ. ನುಚ್ಚಿನ ಶೇಕಡಾವಾರನ್ನು ಮಾತ್ರ ಬಿಳಿ ಅಕ್ಕಿಯ ಮೇಲೆ ಹೇಳುವುದು ರೂಢಿ: 33 ÷ 141, ಅಂದರೆ 23.4. ಸರ್ಕಾರಿ ಖರೀದಿಯಲ್ಲಿ ಹಲವು ವರ್ಷ ಇದ್ದ ಮಿತಿ ಬೆಳ್ತಿಗೆ ಅಕ್ಕಿಗೆ 25, ಕುಚ್ಚಲಕ್ಕಿಗೆ 16 ಶೇಕಡಾ ನುಚ್ಚು. ಅದೂ ಅಕ್ಕಿಯ ಮೇಲಿನ ಲೆಕ್ಕವೇ. ಯಾರಾದರೂ 108ನ್ನು 141ರಿಂದ ಭಾಗಿಸಿ ‘ರಿಕವರಿ 76.6’ ಅಂದರೆ ನಂಬಬೇಡಿ. ಹೊಟ್ಟು, ತೌಡು ತೆಗೆದ ಮೇಲೆ ಭತ್ತದಲ್ಲಿ ಅಷ್ಟು ಅಕ್ಕಿ ಉಳಿಯುವುದೇ ಇಲ್ಲ.

ಅದೇ ಹೊಲದ ಇನ್ನೊಂದು ರಾಶಿ ತಗೊಳ್ಳೋಣ. ಅದನ್ನು ಹಗಲು ರಸ್ತೆ ಮೇಲೆ ಹರವಿ ಚೆನ್ನಾಗಿ ಒಣಗಿಸಿದ್ದಾರೆ, ಆದರೆ ರಾತ್ರಿ ತಾಡಪಾಲು ಮುಚ್ಚದೆ ಬಿಟ್ಟಿದ್ದಾರೆ. 200 ಗ್ರಾಂಗೆ ಒಟ್ಟು ಅಕ್ಕಿ 139.5 ಗ್ರಾಂ ಬಂತು, ಹೆಚ್ಚುಕಮ್ಮಿ ಮೊದಲಿನಷ್ಟೇ. ಆದರೆ ಇಡಿ ಅಕ್ಕಿ ಬರೀ 78 ಗ್ರಾಂ. ರಿಕವರಿ 39ಕ್ಕೆ ಇಳಿಯಿತು, ನುಚ್ಚು 44 ಶೇಕಡಾ ದಾಟಿತು. ಒಂದು ಕ್ವಿಂಟಲ್ ಭತ್ತಕ್ಕೆ 15 ಕಿಲೋ ಇಡಿ ಅಕ್ಕಿ ಕೈತಪ್ಪಿತು. ಒಟ್ಟು ಅಕ್ಕಿಯನ್ನಷ್ಟೇ ತೂಗುವವರಿಗೆ ಈ ನಷ್ಟ ಗೊತ್ತೇ ಆಗುವುದಿಲ್ಲ.

ಆ ರಾತ್ರಿ ಏನಾಯಿತು? ಒಣಗಿದ ಕಾಳು ಇಬ್ಬನಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊರಪದರ ಮೊದಲು ನೆನೆದು ಹಿಗ್ಗುತ್ತದೆ. ಒಳಗಿನ ಭಾಗ ಇನ್ನೂ ಒಣಗೇ ಇರುತ್ತದೆ, ಹಿಗ್ಗುವುದಿಲ್ಲ. ಹೊರಗಿನ ಎಳೆತ ತಾಳದೆ ಕಾಳಿನ ನಡುಭಾಗ ಅಡ್ಡಕ್ಕೆ ಬಿರುಕು ಬಿಡುತ್ತದೆ. ಹಸಿ ಭತ್ತಕ್ಕೆ ಇಬ್ಬನಿ ಬಿದ್ದರೆ ಇಷ್ಟು ತೊಂದರೆ ಇಲ್ಲ, ಅದರ ಕಾಳು ಇನ್ನೂ ಮೆದುವಾಗಿರುತ್ತದೆ. ಒಣಗಿದ ಮೇಲೆ ನೆನೆಯುವುದೇ ಅಪಾಯ. ಬಿಸಿಗಾಳಿಯಲ್ಲಿ ಅವಸರದಿಂದ ಒಣಗಿಸಿದರೂ ಬಿರುಕು ಬರುತ್ತದೆ. ಅದು ಹೆಚ್ಚಾಗಿ ಡ್ರೈಯರ್‌ನಿಂದ ತೆಗೆದ ಮೇಲೆ, ಒಂದೆರಡು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಒಣಗಿಸಿದ ಕೂಡಲೇ ಪರೀಕ್ಷಿಸಿ ‘ಎಲ್ಲ ಸರಿ ಇದೆ’ ಅನ್ನುವವರು ಮೋಸ ಹೋಗುವುದು ಹೀಗೆ. ನಡುನಡುವೆ ರಾಶಿ ಹಾಕಿ ಕೆಲವು ಗಂಟೆ ಬಿಟ್ಟರೆ ಕಾಳಿನ ಒಳಗೂ ಹೊರಗೂ ತೇವ ಸಮವಾಗುತ್ತದೆ, ಬಿರುಕು ಕಡಿಮೆಯಾಗುತ್ತದೆ.

ತೆಲಂಗಾಣದಲ್ಲಿ ಯಾಸಂಗಿ ಅನ್ನುವ ಹಿಂಗಾರು ಭತ್ತದ ಪಾಡೂ ಬಿಸಿಲಿನದ್ದೇ. ಕಡು ಬೇಸಿಗೆಯಲ್ಲಿ ಕೊಯ್ಲಿಗೆ ಬರುವ ಆ ಭತ್ತವನ್ನು ಹಾಗೇ ಮಿಲ್ ಮಾಡಿದರೆ ನುಚ್ಚು ವಿಪರೀತ. ಅದಕ್ಕೇ ಕುದಿಸಿ ಕುಚ್ಚಲಕ್ಕಿ ಮಾಡುತ್ತಾರೆ. ಆವಿಯಲ್ಲಿ ಬೇಯುವಾಗ ಕಾಳಿನೊಳಗಿನ ಪಿಷ್ಟ ಉಬ್ಬಿ ಅಂಟಾಗಿ ಬಿರುಕುಗಳನ್ನು ಬೆಸೆಯುತ್ತದೆ. ಕುಚ್ಚಲಕ್ಕಿಗೆ ನುಚ್ಚಿನ ಮಿತಿ ಅಷ್ಟು ಬಿಗಿಯಾಗಿದ್ದದ್ದು ಅದು ಕಡಿಮೆ ಒಡೆಯುತ್ತದೆ ಅಂತಲೇ.

ಹಾಗಂತ ಮಿಲ್ಲಿನ ತಪ್ಪು ಇರುವುದೇ ಇಲ್ಲ ಎಂದಲ್ಲ. ಪತ್ತೆ ಹಚ್ಚಲು ದಾರಿ ಇದೆ. ನೂರು ಭತ್ತದ ಕಾಳನ್ನು ಕೈಯಿಂದಲೇ ಮೆಲ್ಲಗೆ ಸುಲಿದು, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಲೆ ಹರಡಿ. ಬಿರುಕಿದ್ದ ಕಾಳಿನಲ್ಲಿ ಅಡ್ಡ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಗೆರೆ ಇರುವ ಕಾಳು ಎಷ್ಟೆಂದು ಎಣಿಸಿದರೆ, ಮಿಲ್ಲಿಗೆ ಬರುವ ಮೊದಲೇ ಆದ ಹಾನಿ ತಿಳಿಯುತ್ತದೆ. ಕೈಯಲ್ಲಿ ಸುಲಿದಾಗ ಗೆರೆಯೇ ಇಲ್ಲದೆ, ರಬ್ಬರ್ ರೋಲರ್ ದಾಟಿದ ಕಂದು ಅಕ್ಕಿಯಲ್ಲಿ ತುಂಡು ಕಂಡರೆ ರೋಲರ್ ನಡುವಿನ ಅಂತರ ಅತಿ ಬಿಗಿಯಾಗಿದೆ ಅಥವಾ ರಬ್ಬರ್ ಒಂದೇ ಕಡೆ ಸವೆದಿದೆ. ಕಂದು ಅಕ್ಕಿಯೂ ಇಡಿಯಾಗಿಯೇ ಇದ್ದು ಪಾಲಿಶ್ ಆದ ಮೇಲೆ ಒಡೆದಿದ್ದರೆ ಪಾಲಿಶರ್ ನೋಡಬೇಕು. ಅಲ್ಲಿಂದ ಹೊರಬರುವ ಅಕ್ಕಿ ಮುಟ್ಟಿದರೆ ಸುಡುವಷ್ಟು ಬಿಸಿಯಾಗಿದ್ದರೆ ಒತ್ತಡ ಜಾಸ್ತಿಯಾಗಿದೆ. ಒಂದೇ ಸಲ ಗಟ್ಟಿಯಾಗಿ ಉಜ್ಜುವ ಬದಲು ಎರಡು ಮೂರು ಸಲ ಹಗುರವಾಗಿ ದಾಟಿಸಿದರೆ ಅಷ್ಟೇ ಬಿಳುಪು ಬರುತ್ತದೆ, ಇಡಿ ಅಕ್ಕಿಯೂ ಜಾಸ್ತಿ ಉಳಿಯುತ್ತದೆ.