ಸೂಚಕ ಸಾರಾಂಶ

ಸಾರಾಂಶವೆಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಕೆಲಸಗಳನ್ನು ಸೇರಿಸಿಬಿಟ್ಟಿದ್ದೇವೆ. ಮೂಲವನ್ನು ಓದದೆಯೇ ಅದರ ತಿರುಳು ದಕ್ಕುವಂತೆ ಬರೆದದ್ದು ಮಾಹಿತಿ ಸಾರಾಂಶ. ಮೂಲದಲ್ಲಿ ಯಾವ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರವಿದೆ ಎಂದು ತಿಳಿಸಿ, ಓದುವ ತೀರ್ಮಾನವನ್ನು ಓದುಗರಿಗೇ ಬಿಡುವುದು ಸೂಚಕ ಸಾರಾಂಶ. ಒಂದು ಲೇಖನದ ಬಗ್ಗೆ ಸಹೋದ್ಯೋಗಿಗೆ ಕಳುಹಿಸುವ ಚಿಕ್ಕ ಇಮೇಲ್ ಈ ಎರಡನೆಯ ಬಗೆಗೆ ಸೇರಿದ್ದು.

ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಸಲಹೆ ನೀಡುವ ಒಬ್ಬ ಸಹೋದ್ಯೋಗಿಯನ್ನು ಊಹಿಸಿಕೊಳ್ಳಿ. ‘2080ರ ಹೊತ್ತಿಗೆ ಅರಾಬಿಕಾ ಇರುವುದಿಲ್ಲವಂತೆ, ಹೌದೇ?’ ಎಂದು ತೋಟದವರು ಅವರನ್ನು ಕೇಳುತ್ತಿದ್ದಾರೆ. ಈ ಮಾತಿಗೆ ಆಧಾರವಾಗಿ ಹೆಚ್ಚಾಗಿ ಹೆಸರಿಸಲಾಗುವುದು 2012ರಲ್ಲಿ ‘ಪ್ಲೋಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಮತ್ತು ಇಥಿಯೋಪಿಯಾದ ವಿಜ್ಞಾನಿಗಳ ಲೇಖನ. ಆ ಸಹೋದ್ಯೋಗಿಗೆ ಹೀಗೆ ಬರೆಯಬಹುದು:

‘ವಿಷಯ: ಅರಾಬಿಕಾ ಮತ್ತು 2080 – ಚರ್ಚೆಯ ಭಾಗ ಓದಿದರೆ ಸಾಕು

ಮೇಡಂ, ನಮಸ್ಕಾರ. ಈ ಲೇಖನ ನಮ್ಮ ತೋಟಗಳ ಕುರಿತದ್ದಲ್ಲ. ಮುಖ್ಯವಾಗಿ ಇಥಿಯೋಪಿಯಾದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಅರಾಬಿಕಾ ಕುರಿತದ್ದು. ಹವಾಮಾನದ ಮಾದರಿಗಳ ಪ್ರಕಾರ, ಈಗಿನ ತಾಣಗಳ ಪೈಕಿ ಗಿಡಕ್ಕೆ ಒಗ್ಗುವಂಥವು 2080ರೊಳಗೆ ಕನಿಷ್ಠ ಸುಮಾರು ಶೇ. 65, ಗರಿಷ್ಠ ಶೇ. 99.7ರಷ್ಟು ಕಡಿಮೆಯಾಗುತ್ತವೆ. ತಾಣಗಳ ಬದಲು ಒಟ್ಟು ವಿಸ್ತೀರ್ಣವನ್ನು ಲೆಕ್ಕ ಹಾಕಿದಾಗ ಇಳಿಕೆ ಶೇ. 38ರಿಂದ ಸುಮಾರು 90. ಅರಣ್ಯನಾಶ ಈ ಲೆಕ್ಕದಲ್ಲಿ ಸೇರಿಲ್ಲ. ತಳಿ ಅಭಿವೃದ್ಧಿಗೆ ಬೇಕಾದ ಕಾಡು ಸಂಪತ್ತಿನ ಬಗ್ಗೆ ಮಾತಾಡುವುದಿದ್ದರೆ ಪೂರ್ತಿ ಓದಿ. ತೋಟದವರಿಗೆ ಉತ್ತರಿಸಲು ಅಷ್ಟು ಓದುವ ಅಗತ್ಯವಿಲ್ಲ. ಮಾದರಿಯ ತಾಂತ್ರಿಕ ಭಾಗವನ್ನು ನಾನು ಮೇಲುಮೇಲೆ ನೋಡಿದ್ದೇನೆ.’

ಇಲ್ಲಿ ತೀರ್ಮಾನಕ್ಕೆ ಬೇಕಾದ ಮಾತು ವಿಷಯದ ಸಾಲಿನಲ್ಲಿಯೇ ಬಂದಿದೆ, ಮತ್ತು ಮೊದಲ ವಾಕ್ಯವು ಲೇಖನ ಏನಲ್ಲ ಎಂಬುದನ್ನು ಹೇಳುತ್ತದೆ. ಏಕೆಂದರೆ ಮೇಡಂ ಅವರ ಪ್ರಶ್ನೆ ತೋಟದ್ದು, ಲೇಖನ ಕಾಡಿನದು. ಲೇಖಕರೇ ಬರೆದ ಸಾರಾಂಶವನ್ನು ನಕಲು ಮಾಡಿ ಕಳುಹಿಸಿದ್ದರೆ ಈ ಅಂತರ ಇಷ್ಟು ಎದ್ದು ಕಾಣುತ್ತಿರಲಿಲ್ಲ, ಏಕೆಂದರೆ ಅದು ಯಾವ ಓದುಗರನ್ನೂ ಪ್ರತ್ಯೇಕವಾಗಿ ಮನಸ್ಸಿನಲ್ಲಿಟ್ಟು ಬರೆದದ್ದಲ್ಲ.

ಇಂತಹ ಪತ್ರಗಳು ಹೆಚ್ಚಾಗಿ ಕೆಡುವುದು ಅಂಕಿಯಲ್ಲಿ. 99.7 ಎಂಬುದನ್ನು ಮಾತ್ರ ಎತ್ತಿಕೊಂಡರೆ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಓದುವವರಿಗೆ ಲೇಖನವೇ ಬೇರೆಯಾಗಿ ಕಾಣುತ್ತದೆ. ಎರಡು ತುದಿಗಳನ್ನೂ ಕೊಟ್ಟು, ಯಾವುದರ ಶೇಕಡಾ ಎಂದು ಸ್ಪಷ್ಟಪಡಿಸಲು ಒಂದು ಸಾಲು ಹೆಚ್ಚಾದರೂ ಅದನ್ನು ಉಳಿಸಿಕೊಳ್ಳಬೇಕು. ಬಿಡುವುದಾದರೆ ಮಾದರಿಯ ಹೆಸರನ್ನು ಬಿಡಬಹುದು.

ಕೊನೆಯ ವಾಕ್ಯವನ್ನು ಹಲವರು ಸಂಕೋಚದಿಂದ ಬರೆಯುವುದಿಲ್ಲ. ಪತ್ರ ಕಳುಹಿಸಿದವರೇ ತಾಂತ್ರಿಕ ಭಾಗವನ್ನು ಸರಿಯಾಗಿ ಓದಿಲ್ಲವೆಂದು ಗೊತ್ತಿದ್ದರೆ, ಆ ಅಂಕಿಗಳನ್ನು ಬೆಳೆಗಾರರ ಸಭೆಯಲ್ಲಿ ಹೇಳುವ ಮೊದಲು ಮೇಡಂ ಆ ಪುಟಗಳನ್ನಾದರೂ ತಾವೇ ತೆರೆದು ನೋಡುತ್ತಾರೆ.