ಆ ‘ಯೂ’ ಯಾರು? ‘ಮೈ ಲಾಸ್ಟ್ ಡಚೆಸ್’ ಪದ್ಯದ ಒಂದು ಓದು

ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಮೈ ಲಾಸ್ಟ್ ಡಚೆಸ್’ 56 ಸಾಲುಗಳ ಪದ್ಯ. ಮಾತನಾಡುವವನು ಇಟಲಿಯ ಫೆರಾರಾದ ಡ್ಯೂಕ್. ಗೋಡೆಯ ಮೇಲಿನ ತನ್ನ ಹಿಂದಿನ ಹೆಂಡತಿಯ ಚಿತ್ರವನ್ನು ಬಂದವನೊಬ್ಬನಿಗೆ ತೋರಿಸುತ್ತಿದ್ದಾನೆ. ಬಂದವನದು ಇಡೀ ಪದ್ಯದಲ್ಲಿ ಒಂದೇ ಒಂದು ಮಾತೂ ಇಲ್ಲ. ಇಂಥ ಪದ್ಯವನ್ನು ಕನ್ನಡದಲ್ಲಿ ‘ನಾಟಕೀಯ ಸ್ವಗತ’ ಎನ್ನುವ ರೂಢಿಯಿದೆ. ಈ ಹೆಸರು ನನ್ನನ್ನು ಬಹಳ ದಿನ ದಾರಿ ತಪ್ಪಿಸಿತ್ತು. ಸ್ವಗತ ಎಂದರೆ ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ಮಾತು. ಇಲ್ಲಿ ಎದುರಿಗೆ ಒಬ್ಬ ಕುಳಿತಿದ್ದಾನೆ, ಡ್ಯೂಕ್ ಅವನ ಮುಖ ನೋಡಿಕೊಂಡೇ ಮಾತು ಆಯುತ್ತಿದ್ದಾನೆ.

ಪದ್ಯದ ಧಾಟಿ ಎಲ್ಲಿ ಬದಲಾಗುತ್ತದೆ ಎಂದು ನೇರವಾಗಿ ಹುಡುಕಲು ಹೊರಟರೆ ‘ಮೊದಲು ವಿನಯ, ಆಮೇಲೆ ಸಿಟ್ಟು, ಕೊನೆಗೆ ಅಹಂಕಾರ’ ಎಂಬಂಥ ಉತ್ತರ ಬರುತ್ತದೆ. ಅದು ತಪ್ಪಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನಾನು ಈಗ ಮಾಡುವುದು ಬೇರೆ. ಪದ್ಯದಲ್ಲಿ ಬರುವ ಪ್ರತಿಯೊಂದು ‘ಯೂ’ಗೂ ಪುಸ್ತಕದ ಅಂಚಿನಲ್ಲಿ ಕನ್ನಡ ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಒಂದೇ ಪದದಲ್ಲಿ ಮುಚ್ಚಿಟ್ಟಿದ್ದನ್ನು ನಮ್ಮ ಭಾಷೆ ಮುಚ್ಚಿಡಲು ಬಿಡುವುದಿಲ್ಲ: ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ ಎಂದು ತೀರ್ಮಾನಿಸಲೇಬೇಕು. ತೀರ್ಮಾನಿಸಲು ಹೋದಾಗ ಯಾರು, ಯಾರಿಗೆ, ಯಾವ ಗತ್ತಿನಲ್ಲಿ ಎಂಬುದು ಹೊರಬರುತ್ತದೆ.

ಮೊದಲ ‘ಯೂ’ ಸುಲಭ. ಐದನೆಯ ಸಾಲಿನಲ್ಲಿ ಡ್ಯೂಕ್, ಕುಳಿತು ಅವಳನ್ನು ನೋಡುತ್ತೀರಾ ಎಂದು ಕೇಳುತ್ತಾನೆ. ಇದು ‘ನೀವು’. ಏಳನೆಯ ಸಾಲಿನಲ್ಲಿ ‘ನಿಮ್ಮಂಥ ಹೊಸಬರು’, ಹತ್ತರಲ್ಲಿ ‘ನಿಮಗಾಗಿ ನಾನು ಸರಿಸಿದ ಪರದೆ’, ಹದಿಮೂರರಲ್ಲಿ ‘ಹೀಗೆ ತಿರುಗಿ ಕೇಳಿದವರಲ್ಲಿ ನೀವೇ ಮೊದಲಿಗರಲ್ಲ’. ಎಲ್ಲವೂ ಬಂದವನನ್ನು ಕುರಿತದ್ದೇ. ಆದರೆ ಈ ಮರ್ಯಾದೆಯ ನಡುವೆಯೇ ಎರಡು ಮುಳ್ಳುಗಳಿವೆ. ಪರದೆ ಸರಿಸುವ ಅಧಿಕಾರ ತನ್ನೊಬ್ಬನದೇ ಎನ್ನುತ್ತಾನೆ. ನೋಡಿದವರು ಪ್ರಶ್ನೆ ಕೇಳಬೇಕೆಂದಿರುತ್ತಾರೆ, ಆದರೆ ‘ಧೈರ್ಯವಿದ್ದರೆ’ ಎಂದು ಸೇರಿಸುತ್ತಾನೆ. ಈ ‘ನೀವು’ ಬಹುವಚನದ ಗೌರವ ಹೊತ್ತಿದ್ದರೂ ಎದುರಿಗಿರುವವನನ್ನು ಅವನ ಜಾಗದಲ್ಲೇ ಕೂರಿಸುತ್ತದೆ. ಅವನು ಮಾತಾಡಿಲ್ಲ ಎಂದೆನಲ್ಲ, ಆದರೂ ತಿರುಗಿ ನೋಡಿದ ಎಂಬುದು ಹದಿಮೂರನೆಯ ಸಾಲಿನಿಂದ ಗೊತ್ತಾಗುತ್ತದೆ. ಕೇಳುಗನ ಚಲನೆಗಳು ಹೀಗೆ ಮಾತಾಡುವವನ ಬಾಯಿಂದಲೇ ಸಿಗುವುದರಿಂದ ಅವನ್ನೂ ಅಂಚಿನಲ್ಲಿ ಗುರುತಿಸಿಕೊಳ್ಳಿ.

ನಾನು ಎಡವಿದ್ದು 35ನೆಯ ಸಾಲಿನಲ್ಲಿ. ‘ನಿಮಗೆ ಮಾತಿನ ಚಾತುರ್ಯ ಇದ್ದರೂ, ನನಗಂತೂ ಅದಿಲ್ಲ’ ಎಂದು ಬರೆದುಕೊಂಡು, ಡ್ಯೂಕ್ ಅತಿಥಿಯ ಮಾತುಗಾರಿಕೆಯನ್ನು ಹೊಗಳುತ್ತಿದ್ದಾನೆ ಎಂದು ಪರೀಕ್ಷೆಯಲ್ಲೂ ಬರೆದುಬಿಟ್ಟೆ. ಅದು ಅತಿಥಿಯನ್ನು ಕುರಿತ ‘ಯೂ’ ಅಲ್ಲ. ಇಂಗ್ಲಿಷಿನಲ್ಲಿ ‘ಯಾರಿಗೇ ಆಗಲಿ’ ಎಂಬ ಅರ್ಥಕ್ಕೂ ಅದೇ ಪದ ಬರುತ್ತದೆ. ಕನ್ನಡದಲ್ಲಿ ಇಲ್ಲಿ ‘ನೀವು’ ಬಿಟ್ಟು ‘ಒಬ್ಬನಿಗೆ ಮಾತಿನ ಚಾತುರ್ಯ ಇದೆ ಎಂದೇ ಇಟ್ಟುಕೊಳ್ಳೋಣ’ ಎನ್ನಬೇಕು. ಆ ‘ಒಬ್ಬ’ ಬೇರೆ ಯಾರೂ ಅಲ್ಲ, ಡ್ಯೂಕನೇ. ತನ್ನ ಸೋಲನ್ನು ಸಾಮಾನ್ಯ ನಿಯಮದಂತೆ ಹೇಳುತ್ತಿದ್ದಾನೆ. ಮಾತು ಬಾರದವನು ತಾನು ಎನ್ನುವ ಈ ಮನುಷ್ಯ ಅಷ್ಟು ಹೊತ್ತಿಗೆ ಮೂವತ್ತನಾಲ್ಕು ಸಾಲು ತಡೆಯಿಲ್ಲದೆ ಮಾತಾಡಿದ್ದಾನೆ ಎಂಬುದು ಬೇರೆ ಮಾತು.

ಮೂರು ಸಾಲು ದಾಟಿದರೆ ಮೂರನೆಯ ಬಗೆಯ ‘ಯೂ’. ‘ನಿನ್ನಲ್ಲಿ ಇದು, ಇಲ್ಲವೇ ಅದು, ನನಗೆ ಹೇಸಿಗೆ ತರಿಸುತ್ತದೆ, ಇಲ್ಲಿ ನೀನು ಕಡಿಮೆ ಬಿದ್ದೆ, ಅಲ್ಲಿ ಗೆರೆ ದಾಟಿದೆ.’ ಇದು ಉದ್ಧರಣ ಚಿಹ್ನೆಯ ಒಳಗಿರುವ ಮಾತು, ಹೆಂಡತಿಗೆ ಹೇಳಬಹುದಾಗಿದ್ದ ಮಾತು. ಇಲ್ಲಿ ನನ್ನ ಪೆನ್ಸಿಲ್ ತಾನಾಗಿ ‘ನೀನು’ ಎಂದು ಬರೆಯಿತು. ಇಡೀ ಪದ್ಯದಲ್ಲಿ ಡಚೆಸ್‌ಳನ್ನು ಡ್ಯೂಕ್ ನೇರವಾಗಿ ಸಂಬೋಧಿಸುವುದು ಇದೊಂದೇ ಕಡೆ, ಅದೂ ತಾನು ಎಂದೂ ಆಡದ ಮಾತಿನಲ್ಲಿ. ಆಡಿದ್ದರೆ ಬಗ್ಗಿದಂತಾಗುತ್ತಿತ್ತಂತೆ, ಬಗ್ಗುವುದು ಅವನಿಗೆ ಒಗ್ಗದು. ಪಕ್ಕದಲ್ಲಿ ಚಿತ್ರಕಾರ ಫ್ರಾ ಪಾಂಡೊಲ್ಫನ ಮಾತುಗಳನ್ನು ಇಟ್ಟು ನೋಡಿ. ಅವನು ಆಡಿರಬಹುದು ಎಂದು ಡ್ಯೂಕ್ ಊಹಿಸುವ ಮಾತು ‘ಅಮ್ಮನವರ ಮೇಲುಹೊದಿಕೆ ಮುಂಗೈಯನ್ನು ಹೆಚ್ಚು ಮುಚ್ಚುತ್ತಿದೆ’ ಎಂಬಂಥದ್ದು. ಅವಳ ಬಗ್ಗೆ ಮರ್ಯಾದೆಯ ಮಾತು ಚಿತ್ರಕಾರನ ಬಾಯಲ್ಲಿದೆ, ‘ಹೇಸಿಗೆ’ ಗಂಡನ ಬಾಯಲ್ಲಿದೆ. ಎರಡೂ ಡ್ಯೂಕನ ಕಲ್ಪನೆಯೇ.

ಈಗ ‘ಸರ್’ ಎಂಬ ಪದಕ್ಕೆ ಬರೋಣ. ಅದು ನಾಲ್ಕೇ ಸಲ ಬರುತ್ತದೆ: 13, 25, 43 ಮತ್ತು 54ನೆಯ ಸಾಲುಗಳಲ್ಲಿ. ಮಾತು ಬೇರೆ ದಿಕ್ಕಿಗೆ ತಿರುಗುವ ತಿರುವುಗಳಲ್ಲೇ ಅದು ನಿಂತಿದೆ. ಮೊದಲನೆಯದು ವಿವರಣೆ ಶುರು ಮಾಡುವಾಗ. ಎರಡನೆಯದು ಅಸಹನೆ ಮೇಲೆ ಬಂದಾಗ: ಅವಳಿಗೆ ಎಲ್ಲವೂ ಒಂದೇ ಆಗಿತ್ತು ಎನ್ನುತ್ತಾ ತಾನು ಕೊಟ್ಟ ಪ್ರೀತಿಯ ಗುರುತು, ಪಶ್ಚಿಮದ ಇಳಿಬಿಸಿಲು, ಯಾವನೋ ಮುರಿದುಕೊಟ್ಟ ಚೆರ್ರಿ ಕೊಂಬೆ, ಬಿಳಿ ಹೇಸರಗತ್ತೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಈ ಭಾಗದ ಆಸುಪಾಸಿನಲ್ಲಿ ಅಡ್ಡಗೆರೆಗಳು ಹೆಚ್ಚುತ್ತವೆ, ‘ಹೇಗೆ ಹೇಳಲಿ’, ‘ಹೇಗೋ ಗೊತ್ತಿಲ್ಲ’ ಎಂದು ಮಾತು ತಡವರಿಸುತ್ತದೆ. ಧಾಟಿ ಬದಲಾದುದಕ್ಕೆ ಸಾಕ್ಷಿ ಕೇಳಿದರೆ ಈ ಅಡ್ಡಗೆರೆಗಳನ್ನು ತೋರಿಸಿ. ಮೂರನೆಯ ‘ಸರ್’ ಮನಸ್ಸಿನೊಳಗಿನ ಆ ಆಡದ ಜಗಳದಿಂದ ಮತ್ತೆ ಕೋಣೆಗೆ ಮರಳುವ ಸದ್ದು.

ಮರಳಿದ ಕೂಡಲೇ 45 ಮತ್ತು 46ನೆಯ ಸಾಲು. ಎಲ್ಲರಿಗೂ ಒಂದೇ ನಗು ಬೀರುವ ಅವಳ ರೀತಿ ಬೆಳೆಯಿತು, ನಾನು ಆಜ್ಞೆ ಕೊಟ್ಟೆ, ಆಮೇಲೆ ಎಲ್ಲ ನಗುವೂ ಒಟ್ಟಿಗೆ ನಿಂತಿತು. ಅಲ್ಲಿಯವರೆಗೆ ಸಾಲಿನಿಂದ ಸಾಲಿಗೆ ಹರಿದುಹೋಗುತ್ತಿದ್ದ ಉದ್ದುದ್ದ ವಾಕ್ಯಗಳು ತುಂಡಾಗುತ್ತವೆ, ತಡವರಿಕೆ ಮಾಯ. ಡ್ಯೂಕ್ ಸಿಟ್ಟಾಗಿರುವುದು ಇಲ್ಲಿ ಎಂದು ಹಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಟ್ಟು ಹಿಂದಿನ ಇಪ್ಪತ್ತು ಸಾಲಿನಲ್ಲಿತ್ತು, ಇಲ್ಲಿ ಅವನು ತಣ್ಣಗಾಗಿದ್ದಾನೆ. ಇನ್ನೊಂದು ಎಚ್ಚರ: ಅವಳನ್ನು ಕೊಲ್ಲಿಸಿದ ಎಂದು ಪದ್ಯ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಮುಂದೆ ಕೇಳಿದಾಗ ಬ್ರೌನಿಂಗ್ ಕೂಡ, ಆಜ್ಞೆ ಕೊಲ್ಲಲು ಎಂದು ಹೇಳಿ, ಇಲ್ಲವೇ ಅವಳನ್ನು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಸೇರಿಸಿರಬಹುದು ಎಂದೂ ಸೇರಿಸಿದ್ದ.

ಇಷ್ಟೆಲ್ಲ ಆದಮೇಲೆ 49ನೆಯ ಸಾಲಿನಲ್ಲಿ ‘ನಿಮ್ಮ ಒಡೆಯ ಕೌಂಟ್’ ಎಂಬ ಮಾತು ಬರುತ್ತದೆ. ಎದುರಿಗಿರುವವನು ಮುಂದಿನ ಮದುವೆಯ ಮಾತುಕತೆಗೆ ಬಂದ ದೂತ! ಡ್ಯೂಕನ ಧಾಟಿ ಈಗ ವರದಕ್ಷಿಣೆಯ ವ್ಯವಹಾರದ್ದು. ಇಲ್ಲಿಗೆ ಬಂದಮೇಲೆ ಅಂಚಿನ ಹಳೆಯ ‘ನೀವು’ಗಳಿಗೆಲ್ಲ ಹಿಂದಿರುಗಿ ಓದಬೇಕು. ಎರಡನೆಯ ಓದಿನಲ್ಲಿ ಆ ಮುಳ್ಳುಗಳು ಎಚ್ಚರಿಕೆಯಾಗಿ ಕೇಳಿಸುತ್ತವೆ: ಹೊಸ ಹುಡುಗಿಯ ಮನೆಯವರಿಗೆ ತಲುಪಬೇಕಾದದ್ದನ್ನು ತಲುಪಿಸುತ್ತಿದ್ದಾನೆ. ಅಥವಾ ತನ್ನ ಮಾತು ಏನನ್ನು ಬಿಟ್ಟುಕೊಟ್ಟಿತು ಎಂಬ ಅರಿವೇ ಅವನಿಗಿಲ್ಲ. ನಾನು ಮೊದಲನೆಯದರ ಕಡೆಗೆ ವಾಲುತ್ತೇನೆ, ಪರದೆಯನ್ನು ಅವನೇ ಸರಿಸಿದ್ದಾನಲ್ಲ.

ಉಳಿದದ್ದು ನಾಲ್ಕನೆಯ ‘ಸರ್’. ‘ಇಲ್ಲ, ಒಟ್ಟಿಗೇ ಕೆಳಗೆ ಹೋಗೋಣ’ ಎನ್ನುತ್ತಾನೆ ಡ್ಯೂಕ್. ಆ ‘ಇಲ್ಲ’ ಯಾವುದಕ್ಕೆ ಉತ್ತರ? ದೂತ ಮರ್ಯಾದೆಗೆಂದು ಹಿಂದೆ ಸರಿದು ಡ್ಯೂಕನಿಗೆ ದಾರಿ ಬಿಟ್ಟಿರಬಹುದು, ಇಲ್ಲವೇ ಕೇಳಿದ್ದು ಸಾಕಾಗಿ ಮೆಟ್ಟಿಲ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿರಬಹುದು. ಎರಡಕ್ಕೂ ಪದ್ಯದಲ್ಲಿ ಸಮನಾದ ಆಧಾರವಿದೆ. ಆ ಸಾಲಿನ ಅಂಚಿನಲ್ಲಿ ನಾನು ಎರಡನ್ನೂ ಬರೆದು ನಡುವೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಡ್ಯೂಕನಂತೂ ಆಗಲೇ ಕಂಚಿನ ನೆಪ್ಚೂನ್ ವಿಗ್ರಹದ ಕಡೆಗೆ ಕೈ ತೋರಿಸಿ, ಅದನ್ನು ಇನ್ಸ್‌ಬ್ರಕ್ಕಿನ ಕ್ಲಾಸ್ ಎರಕ ಹೊಯ್ದದ್ದು ‘ನನಗಾಗಿ’ ಎನ್ನುತ್ತಿದ್ದಾನೆ.